ಲೇಯರ್ ಶೆಡ್ಡಿನಲ್ಲಿ ಲೈಟ್ ಯಾವಾಗ, ಎಷ್ಟು: ಸಾಸವಡದ ಒಂದು ಜೂನ್ ಬ್ಯಾಚಿನ ಲೆಕ್ಕ

ಪ್ರಶ್ನೆ: ಸರ್, ನಾವು ಮೂಲತಃ ಅಥಣಿ ಕಡೆಯವರು. ಈಗ ಪುಣೆ ಹತ್ತಿರ ಸಾಸವಡದಲ್ಲಿ 2000 ಲೇಯರ್ ಕೋಳಿಗಳ ಓಪನ್ ಶೆಡ್ ಇದೆ. ಹೋದ ಬ್ಯಾಚ್ ಜನವರಿ 5ರ ಮರಿ. 15 ವಾರ ತುಂಬುವಷ್ಟರಲ್ಲೇ ಮೊಟ್ಟೆ ಶುರುವಾಯ್ತು. ಆದರೆ ಎಲ್ಲಾ ಸಣ್ಣ ಮೊಟ್ಟೆ, ಹಿಂಭಾಗ ಹೊರಬಂದು ಸುಮಾರು ಕೋಳಿ ಸತ್ತವು. ಮೊಟ್ಟೆ ಶುರುವಾದ ಮೇಲೆ ದಿನಾ ಸಂಜೆ ಬಲ್ಬು ಹಾಕಿ 8.30ಕ್ಕೆ ಆರಿಸುತ್ತಿದ್ದೆವು, ಒಂದು ದಿನವೂ ತಪ್ಪಿಸಿಲ್ಲ. ಆದರೂ ನವೆಂಬರ್‌ನಿಂದ ಮೊಟ್ಟೆ ಇಳಿಯಿತು, ಕೆಲವು ಕೋಳಿ ಕುತ್ತಿಗೆಯ ಪುಕ್ಕ ಉದುರಿಸಿದವು. ಈಗಿನ ಬ್ಯಾಚ್ ಜೂನ್ 10ರ ಮರಿ, 15 ವಾರ ಆಯ್ತು. ಲೈಟ್ ಯಾವಾಗ ಶುರು ಮಾಡಬೇಕು, ಎಷ್ಟು ಗಂಟೆ ಕೊಡಬೇಕು?

ಉತ್ತರ: ಇವತ್ತೇ ಬಲ್ಬು ಹಾಕಬೇಡಿ. ಇನ್ನೂ ಎರಡು ವಾರ ಸೂರ್ಯನ ಬೆಳಕು ಬಿಟ್ಟು ಬೇರೆ ಏನೂ ಬೇಡ. ಶೆಡ್ಡಿನ ಹತ್ತಿರ ಕಾವಲಿಗೆ ಅಂತ ರಾತ್ರಿಯಿಡೀ ಉರಿಯುವ ದೀಪ ಇದ್ದರೆ, ಅದರ ಬೆಳಕು ಕೇಜಿನ ಮೇಲೆ ಬೀಳುತ್ತಿದ್ದರೆ, ಅದನ್ನು ಇವತ್ತೇ ಬೇರೆ ಕಡೆ ತಿರುಗಿಸಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ನಿಮ್ಮ ಹೋದ ಬ್ಯಾಚಿನಲ್ಲಿ ಏನಾಯಿತು ಅನ್ನೋದು ಅರ್ಥವಾದರೆ ಈ ಬ್ಯಾಚಿನ ಅರ್ಧ ಉತ್ತರ ಅದರಲ್ಲೇ ಇದೆ.

ಬೆಳೆಯುವ ಕೋಳಿ ಬೆಳಕಿನ ಗಂಟೆಗಿಂತ ಹೆಚ್ಚಾಗಿ ಗಮನಿಸುವುದು ಒಂದೇ ವಿಷಯ. ದಿನ ಉದ್ದವಾಗುತ್ತಾ ಇದೆಯೋ, ಗಿಡ್ಡವಾಗುತ್ತಾ ಇದೆಯೋ. ಈ ಬೆಳಕು ಅದಕ್ಕೆ ಗೊತ್ತಾಗುವುದು ಬರೀ ಕಣ್ಣಿನಿಂದ ಅಲ್ಲ. ತಲೆಬುರುಡೆ ತೆಳ್ಳಗಿದೆ, ಅದನ್ನು ದಾಟಿ ಬೆಳಕು ಮಿದುಳಿನ ಒಳಗೇ ತಲುಪುತ್ತದೆ. ಕಣ್ಣು ಕಾಣದ ಕೋಳಿಯೂ ದಿನದ ಉದ್ದಕ್ಕೆ ತಕ್ಕಂತೆ ಮೊಟ್ಟೆಗೆ ಬರುತ್ತದೆ. ದಿನ ಉದ್ದವಾಗುತ್ತಾ ಹೋದರೆ ಮಿದುಳು ಹಾರ್ಮೋನು ಬಿಡುತ್ತದೆ, ಅಂಡಾಶಯ ಎಚ್ಚರವಾಗುತ್ತದೆ. ಗಿಡ್ಡವಾಗುತ್ತಾ ಹೋದರೆ ಅದೇ ಅಂಡಾಶಯ ಮುದುರಿಕೊಳ್ಳುತ್ತದೆ, ಕೋಳಿ ಪುಕ್ಕ ಬದಲಿಸುವ ಕಡೆ ಹೊರಳುತ್ತದೆ. ನಮ್ಮ ಕಸುಬಿನ ಹಳೇ ನಿಯಮ ಎರಡೇ ಸಾಲು: ಬೆಳೆಯುವಾಗ ಬೆಳಕು ಹೆಚ್ಚಿಸಬೇಡ, ಮೊಟ್ಟೆ ಇಡುವಾಗ ಬೆಳಕು ಇಳಿಸಬೇಡ.

ಈಗ ನಿಮ್ಮ ಜನವರಿ ಮರಿಯನ್ನು ನೋಡಿ. ಜನವರಿ 5ಕ್ಕೆ ಪುಣೆಯಲ್ಲಿ ಹಗಲು 11 ಗಂಟೆ, ಒಂದೈದು ನಿಮಿಷ ಹೆಚ್ಚು ಅಷ್ಟೆ. 15 ವಾರ ಕಳೆದು ಏಪ್ರಿಲ್ 20ಕ್ಕೆ ಬಂದರೆ ಹಗಲು 12 ಗಂಟೆ 40 ನಿಮಿಷ. ಅಂದರೆ ನೀವು ಒಂದು ಬಲ್ಬನ್ನೂ ಹಾಕದೆ, ಸೂರ್ಯನೇ ನಿಮ್ಮ ಮರಿಗಳಿಗೆ ಒಂದೂವರೆ ಗಂಟೆ ಬೆಳಕು ಏರಿಸಿಬಿಟ್ಟಿದ್ದಾನೆ. ಮೊದಲ ಎಂಟು ಹತ್ತು ವಾರ ಮರಿ ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಆಮೇಲೆ, ಮಾರ್ಚಿ ಏಪ್ರಿಲ್‌ನಲ್ಲಿ, ದಿನಕ್ಕೊಂದು ನಿಮಿಷದಂತೆ ಏರುವ ಬೆಳಕು ಅದಕ್ಕೆ ಸರಿಯಾಗಿ ತಟ್ಟುತ್ತದೆ. ಮೈ ಇನ್ನೂ ಕೂಡಿಲ್ಲ, ಸೊಂಟದ ಎಲುಬು ಬಿಚ್ಚಿಕೊಂಡಿಲ್ಲ, ಹೊಟ್ಟೆಯೊಳಗೆ ಮೊಟ್ಟೆ ಮಾತ್ರ ತಯಾರು. ಸಣ್ಣ ಮೊಟ್ಟೆ ಬಂದದ್ದು ಅದಕ್ಕೇ, ಪ್ರೊಲ್ಯಾಪ್ಸ್ ಆಗಿ ಸತ್ತದ್ದೂ ಅದಕ್ಕೇ. ಹೊರಬಂದ ಕೆಂಪು ಮಾಂಸವನ್ನು ಪಕ್ಕದ ಕೋಳಿ ಕುಕ್ಕಿದರೆ ಒಂದೇ ಹೊತ್ತಿನಲ್ಲಿ ಕಥೆ ಮುಗಿಯುತ್ತದೆ, ಅದನ್ನು ನೀವು ಕಣ್ಣಾರೆ ನೋಡಿದ್ದೀರಿ.

ನವೆಂಬರ್‌ನ ಇಳಿತ ಇನ್ನೊಂದು ಕಥೆ. ನೀವು ಒಂದು ದಿನವೂ ತಪ್ಪಿಸಿಲ್ಲ ಅಂದಿದ್ದೀರಿ, ನಾನು ನಂಬುತ್ತೇನೆ. ತೊಂದರೆ ಇರುವುದು ಬೆಳಿಗ್ಗೆಯ ಕಡೆ. ಸಂಜೆ 8.30 ಗಟ್ಟಿಯಾಗಿ ನಿಂತಿದೆ, ಆದರೆ ಬೆಳಿಗ್ಗೆಯನ್ನು ನೀವು ಸೂರ್ಯನಿಗೆ ಬಿಟ್ಟಿದ್ದೀರಿ. ಜೂನ್ ಕೊನೆಗೆ ಪುಣೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6ಕ್ಕೆ. ಆಗ ಕೋಳಿಯ ದಿನ ಹದಿನಾಲ್ಕೂವರೆ ಗಂಟೆ. ನವೆಂಬರ್ ನಡುವಿಗೆ ಸೂರ್ಯ ಬರುವುದು 6.40ಕ್ಕೆ, ಡಿಸೆಂಬರ್ ಕೊನೆಗೆ 7 ದಾಟುತ್ತದೆ. ಅಲ್ಲಿಗೆ ಕೋಳಿಯ ದಿನ ಹದಿಮೂರೂವರೆ ಗಂಟೆಗಿಂತ ಕಡಿಮೆ. ಬಲ್ಬು ತಪ್ಪದೆ ಉರಿದಿದೆ, ಆದರೂ ಮೊಟ್ಟೆ ಇಡುತ್ತಿರುವ ಕೋಳಿಗೆ ಒಂದು ಗಂಟೆ ಬೆಳಕು ಇಳಿದಿದೆ. ಕುತ್ತಿಗೆಯ ಪುಕ್ಕ ಉದುರಿತು ಅಂದಿದ್ದೀರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ. ಫೀಡಿನಲ್ಲೋ ರೋಗದಲ್ಲೋ ಬೇರೆ ಕಾರಣವೂ ಸೇರಿರಬಹುದು, ಅದನ್ನು ಇಲ್ಲಿಂದ ಹೇಳಲಾಗದು. ಆದರೆ ಈ ಒಂದು ಗಂಟೆಯನ್ನು ಮೊದಲು ಸರಿಮಾಡಿ, ಆಮೇಲೆ ಬೇರೆ ಕಡೆ ಹುಡುಕಿ.

ಈಗಿನ ಜೂನ್ ಬ್ಯಾಚಿಗೆ ಬರೋಣ. ಇದು ಒಳ್ಳೇ ತಿಂಗಳಲ್ಲಿ ಬಂದ ಬ್ಯಾಚ್. ಜೂನ್‌ನಲ್ಲಿ 13 ಗಂಟೆ 10 ನಿಮಿಷದಷ್ಟಿದ್ದ ಹಗಲು ಈಗ 12 ಗಂಟೆಗೆ ಇಳಿದಿದೆ. ಇಳಿಯುವ ಬೆಳಕಿನಲ್ಲಿ ಬೆಳೆದ ಕೋಳಿ ಅವಸರ ಮಾಡುವುದಿಲ್ಲ, ಮೈ ತುಂಬಿಕೊಳ್ಳುತ್ತದೆ. ಇಲ್ಲಿ ಕೆಡಿಸುವುದಕ್ಕೆ ಇರುವ ದಾರಿ ಒಂದೇ, ತೂಕ ನೋಡದೆ ಕ್ಯಾಲೆಂಡರ್ ನೋಡಿ ಲೈಟ್ ಹಾಕುವುದು.

ಸೆಪ್ಟೆಂಬರ್ 30ಕ್ಕೆ 16 ವಾರ ತುಂಬುತ್ತದೆ. ಅವತ್ತು ಬೆಳಿಗ್ಗೆ ಫೀಡ್ ಹಾಕುವ ಮುಂಚೆ 100 ಕೋಳಿ ತೂಗಿ. ಒಂದೊಂದಾಗಿ ತೂಗಿ, ಹತ್ತು ಕೋಳಿ ಒಟ್ಟಿಗೆ ಚೀಲಕ್ಕೆ ಹಾಕಿ ತೂಗಿದರೆ ಪ್ರಯೋಜನವಿಲ್ಲ. ಶೆಡ್ಡಿನ ಎರಡೂ ತುದಿ, ನಡುವೆ, ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲಾ ಕಡೆಯಿಂದ ತೆಗೆಯಿರಿ. ಒಂದು ಕೇಜ್ ಹಿಡಿದರೆ ಅದರಲ್ಲಿರುವ ಎಲ್ಲಾ ಕೋಳಿಯನ್ನೂ ತೂಗಬೇಕು. ಇಲ್ಲದಿದ್ದರೆ ಕೈಗೆ ಸುಲಭವಾಗಿ ಸಿಗುವ ಕೋಳಿಯನ್ನಷ್ಟೇ ತೂಗಿದಂತಾಗುತ್ತದೆ, ಲೆಕ್ಕ ಸುಳ್ಳಾಗುತ್ತದೆ.

ಉದಾಹರಣೆಗೆ ಸರಾಸರಿ 1100 ಗ್ರಾಂ ಬಂತು ಅಂತ ಇಟ್ಟುಕೊಳ್ಳಿ. ಅದರ ಹತ್ತು ಪರ್ಸೆಂಟ್ 110 ಗ್ರಾಂ. ಅಂದರೆ 990ರಿಂದ 1210ರ ಒಳಗೆ ಎಷ್ಟು ಕೋಳಿ ಇವೆ ಎಣಿಸಿ. 100ರಲ್ಲಿ 80 ಇದ್ದರೆ ಹಿಂಡು ಸಮವಾಗಿದೆ. 65 ಮಾತ್ರ ಇದ್ದರೆ, ಸರಾಸರಿ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಶೆಡ್ಡಿನಲ್ಲಿ ಎರಡು ಹಿಂಡು ಇವೆ ಅಂತ ತಿಳಿಯಿರಿ. ಲೈಟ್ ಹಾಕಿದರೆ ದಪ್ಪ ಕೋಳಿ ಮೊಟ್ಟೆಗೆ ಬರುತ್ತವೆ, ಸಣ್ಣವು ಹಿಂದೆ ಉಳಿಯುತ್ತವೆ ಅಥವಾ ಮೈ ಇಲ್ಲದೆ ಮೊಟ್ಟೆಗೆ ಬಂದು ಸಾಯುತ್ತವೆ. ಸಣ್ಣ ಕೋಳಿಗಳನ್ನು ಈಗಲೇ ಬೇರೆ ಸಾಲಿಗೆ ಹಾಕಿ, ಅವುಗಳ ಫೀಡರಿನಲ್ಲಿ ದಿನಕ್ಕೆ ಒಂದು ಸಲ ಜಾಸ್ತಿ ಫೀಡ್ ತಿರುವಿ ಕೊಡಿ.

ಯಾವ ತೂಕ ಬರಬೇಕು ಅನ್ನೋದು ತಳಿಯ ಮೇಲೆ ಹೋಗುತ್ತದೆ. ಮರಿ ಕೊಟ್ಟ ಹ್ಯಾಚರಿಯವರು ತೂಕದ ಚಾರ್ಟ್ ಕೊಟ್ಟಿರುತ್ತಾರೆ, ಅದನ್ನೇ ಹಿಡಿಯಿರಿ. ನಮ್ಮ ಕಡೆ ಜಾಸ್ತಿ ಇರುವ ಬಿಳಿ ಕೋಳಿಗಳಿಗೆ 17 ವಾರಕ್ಕೆ ಸುಮಾರು 1150 ಗ್ರಾಂನ ಆಸುಪಾಸು ಇರುತ್ತದೆ. ಅಕ್ಟೋಬರ್ 7ಕ್ಕೆ ಇನ್ನೊಮ್ಮೆ ತೂಗಿ. ಚಾರ್ಟಿನ ತೂಕ ಮುಟ್ಟಿದ್ದರೆ ಅವತ್ತೇ ಮೊದಲ ಲೈಟ್. 50 ಗ್ರಾಂ ಕಡಿಮೆ ಇದ್ದರೆ ಒಂದು ವಾರ ತಡೆಯಿರಿ. ಒಂದು ವಾರ ತಡವಾದರೆ ಕಳೆದುಕೊಳ್ಳುವುದು ಕೆಲವು ಟ್ರೇ ಸಣ್ಣ ಮೊಟ್ಟೆ, ಅಷ್ಟೆ. ಆದರೆ 19 ವಾರವಾದರೂ ತೂಕ ಬಂದಿಲ್ಲ ಅಂದರೆ ಅದು ಲೈಟಿನ ಪ್ರಶ್ನೆ ಅಲ್ಲವೇ ಅಲ್ಲ. ಫೀಡಿನಲ್ಲೋ, ಜಂತುಹುಳದಲ್ಲೋ, ಜಾಗ ಸಾಲದಿರುವುದರಲ್ಲೋ ತೊಂದರೆ ಇದೆ, ಡಾಕ್ಟರನ್ನು ಕರೆಯಿರಿ.

ಇದರ ಜೊತೆಗೇ ಫೀಡ್ ಬದಲಾಗಬೇಕು. ಲೈಟ್ ಹಾಕುವ ವಾರ ಗ್ರೋವರ್ ಫೀಡಿನಿಂದ ಪ್ರೀ-ಲೇ ಫೀಡಿಗೆ ಬನ್ನಿ. ಅದರಲ್ಲಿ ಕ್ಯಾಲ್ಸಿಯಂ 2ರಿಂದ 2.5 ಪರ್ಸೆಂಟ್ ಇರುತ್ತದೆ. ಮೊಟ್ಟೆ ಕಾಣಿಸಿದ ಮೇಲೆ ಪೂರಾ ಲೇಯರ್ ಫೀಡ್. ಬೆಳಕು ಕೊಟ್ಟು ಸುಣ್ಣ ಕೊಡದಿದ್ದರೆ ಕೋಳಿ ತನ್ನ ಎಲುಬಿನಿಂದ ತೆಗೆದು ಚಿಪ್ಪು ಕಟ್ಟುತ್ತದೆ, ಆರು ತಿಂಗಳಾದ ಮೇಲೆ ಕೇಜಿನಲ್ಲಿ ಕಾಲು ಸೋತು ಕೂರುತ್ತದೆ.

ಈಗ ಗಡಿಯಾರ. ಅಕ್ಟೋಬರ್ 7ಕ್ಕೆ ಸಾಸವಡದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.25ಕ್ಕೆ, ಮುಳುಗುವುದು 6.20ರ ಹೊತ್ತಿಗೆ. ಮುಂಜಾನೆ, ಮುಸ್ಸಂಜೆಯ ಮಬ್ಬು ಬೆಳಕನ್ನೂ ಕೋಳಿ ಹಗಲು ಅಂತಲೇ ತಿಳಿಯುತ್ತದೆ, ಹಾಗಾಗಿ ಎರಡೂ ಕಡೆ ಕಾಲು ಗಂಟೆ ಸೇರಿಸಿಕೊಳ್ಳಿ. ಅವತ್ತು ಬೆಳಿಗ್ಗೆ 6ಕ್ಕೆ ಬಲ್ಬು ಹೊತ್ತಬೇಕು, ಚೆನ್ನಾಗಿ ಬೆಳಕಾದ ಮೇಲೆ ಆರಿಸಬೇಕು. ಸಂಜೆ ಇನ್ನೂ ಬೆಳಕಿರುವಾಗಲೇ, 6ಕ್ಕೇ ಹೊತ್ತಿಸಿ 7ಕ್ಕೆ ಆರಿಸಬೇಕು. ಕತ್ತಲಾದ ಮೇಲೆ ನೆನಪಾಗಿ ಹಾಕುವುದಲ್ಲ. ನಡುವೆ ಅರ್ಧ ಗಂಟೆ ಕತ್ತಲೆ ಬಿದ್ದರೆ ಕೆಲವು ಕೋಳಿ ದಿನ ಮುಗಿಯಿತು ಅಂದುಕೊಂಡು ಕೂತುಬಿಡುತ್ತವೆ. 6ರಿಂದ 7, ಅಲ್ಲಿಗೆ 13 ಗಂಟೆ. ಇದು ಮೊದಲ ಹೆಜ್ಜೆ, ಸೂರ್ಯನ ಹಗಲಿಗಿಂತ ಒಂದು ಗಂಟೆ ಜಾಸ್ತಿ. ಮೊದಲ ಹೆಜ್ಜೆ ಕೋಳಿಗೆ ಗೊತ್ತಾಗುವಷ್ಟು ದೊಡ್ಡದಿರಬೇಕು.

ಅಲ್ಲಿಂದ ವಾರಕ್ಕೆ ಅರ್ಧ ಗಂಟೆ. ಅಕ್ಟೋಬರ್ 14ಕ್ಕೆ ಬೆಳಿಗ್ಗೆಯನ್ನು 5.30ಕ್ಕೆ ತನ್ನಿ. 21ಕ್ಕೆ ಸಂಜೆಯನ್ನು 7.30ಕ್ಕೆ ಒಯ್ಯಿರಿ. 28ಕ್ಕೆ ಬೆಳಿಗ್ಗೆ 5, ನವೆಂಬರ್ 4ಕ್ಕೆ ರಾತ್ರಿ 8. ಈಗ 15 ಗಂಟೆ ಆಯಿತು, ಕೋಳಿಗೆ 21 ವಾರ. ಎಲ್ಲಾ ಸರಿಯಿದ್ದರೆ ಈ ಹೊತ್ತಿಗೆ ಹಿಂಡಿನ ಅರ್ಧದಷ್ಟು ಮೊಟ್ಟೆಗೆ ಬಂದಿರಬೇಕು. ಇಲ್ಲಿಂದ ಸಂಜೆಯನ್ನು ಮುಟ್ಟಬೇಡಿ. ಬೆಳಿಗ್ಗೆಯನ್ನು ಮಾತ್ರ ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ: 4.45, 4.30, 4.15, ಕೊನೆಗೆ ಡಿಸೆಂಬರ್ 2ಕ್ಕೆ 4 ಗಂಟೆ. ಬೆಳಿಗ್ಗೆ 4ರಿಂದ ರಾತ್ರಿ 8, ಒಟ್ಟು 16 ಗಂಟೆ. ಮೊಟ್ಟೆ ಏರುತ್ತಿರುವ ದಿನಗಳಲ್ಲಿ ಬೆಳಕೂ ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ಒಳ್ಳೆಯದು, ಅದಕ್ಕೇ ಕೊನೆಯ ಒಂದು ಗಂಟೆಯನ್ನು ನಾಲ್ಕು ವಾರಕ್ಕೆ ಹಂಚಿದ್ದೇನೆ.

16ರ ಮೇಲೆ ಹೋಗಬೇಡಿ. 17, 18 ಕೊಟ್ಟರೆ ಮೊಟ್ಟೆ ಹೆಚ್ಚಾಗುವುದಿಲ್ಲ, ಕರೆಂಟು ಬಿಲ್ಲು ಹೆಚ್ಚಾಗುತ್ತದೆ. ಕೋಳಿಗೆ ಕತ್ತಲೆಯೂ ಬೇಕು.

4ರಿಂದ 8 ಅಂತ ಯಾಕೆ ಆರಿಸಿದೆ ಅಂದರೆ, ನಮ್ಮ ಕಡೆ ವರ್ಷವಿಡೀ ಸೂರ್ಯ ಈ ಎರಡು ಗೆರೆಯ ಒಳಗೇ ಇರುತ್ತಾನೆ. ಜೂನ್‌ನಲ್ಲಿ ಅವನು ಮುಳುಗುವುದು 7.10 ದಾಟಿ, ಮಬ್ಬು ಬೆಳಕು 7.30ರ ತನಕ ಇರುತ್ತದೆ. ನೀವು ಸಂಜೆ 7ಕ್ಕೆ ಆರಿಸುವ ಲೆಕ್ಕ ಇಟ್ಟುಕೊಂಡರೆ ಜೂನ್‌ನಲ್ಲಿ ಸೂರ್ಯ ನಿಮ್ಮನ್ನು ಮೀರಿ ಬೆಳಕು ಕೊಡುತ್ತಾನೆ, ಆಮೇಲೆ ಮಳೆಗಾಲ ಮುಗಿಯುತ್ತಾ ತಾನೇ ಕಿತ್ತುಕೊಳ್ಳುತ್ತಾನೆ. ರಾತ್ರಿ 8ಕ್ಕೆ ಆರಿಸಿದರೆ ಆ ಏರಿಳಿತ ಕೋಳಿಗೆ ಕಾಣುವುದೇ ಇಲ್ಲ. ಡಿಸೆಂಬರ್ 2ರಿಂದ ಈ ಕೋಳಿ ಶೆಡ್ಡಿನಿಂದ ಹೋಗುವ ದಿನದ ತನಕ ಈ ಎರಡು ಗೆರೆಯನ್ನು ಮುಟ್ಟುವ ಕೆಲಸವಿಲ್ಲ.

ಬಲ್ಬಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹಳದಿ ಛಾಯೆಯ ಎಲ್ಇಡಿ ತಗೊಳ್ಳಿ, ಅಂಗಡಿಯಲ್ಲಿ ವಾರ್ಮ್ ವೈಟ್ ಅಂತಾರೆ. ಕೆಂಪು ಕಡೆಯ ಬೆಳಕು ತಲೆಬುರುಡೆ ದಾಟಿ ಒಳಗೆ ಹೋಗುವಷ್ಟು ನೀಲಿ ಕಡೆಯದು ಹೋಗುವುದಿಲ್ಲ. 7 ವಾಟ್ ಸಾಕು. ಬಲ್ಬಿನಿಂದ ಕೋಳಿಗೆ ಎಷ್ಟು ಎತ್ತರವೋ, ಬಲ್ಬಿನಿಂದ ಬಲ್ಬಿಗೆ ಅದರ ಒಂದೂವರೆ ಪಟ್ಟು ದೂರ. ಕೋಳಿಯ ಮೇಲೆ 6 ಅಡಿ ಅಂದರೆ 9 ಅಡಿಗೊಂದು ಬಲ್ಬು, ನಡೆಯುವ ದಾರಿಯ ಮೇಲೆ. ಒಂದು ದಾರಿಯ ಬಲ್ಬು ಪಕ್ಕದ ದಾರಿಯ ಎರಡು ಬಲ್ಬುಗಳ ನಡುವೆ ಬರುವಂತೆ ಹಾಕಿ. ಫೀಡರಿನ ಹತ್ತಿರ 10 ಲಕ್ಸ್‌ಗಿಂತ ಕಡಿಮೆ ಇರಬಾರದು. ಲಕ್ಸ್ ಮೀಟರ್ ಇಲ್ಲದಿದ್ದರೆ ಕೆಳಗಿನ ಸಾಲಿನ ಮೂಲೆಯ ಕೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪೇಪರ್ ಹಿಡಿದು ನೋಡಿ. ಅಕ್ಷರ ಓದಲು ಬಂದರೆ ಸರಿ. ನಿಂತು ನೋಡಬೇಡಿ, ಮೊಟ್ಟೆ ಇಡದ ಕೋಳಿಗಳು ಯಾವಾಗಲೂ ಆ ಕೆಳಗಿನ ಕತ್ತಲೆ ಮೂಲೆಯಲ್ಲೇ ಸಿಗುತ್ತವೆ. ಹದಿನೈದು ದಿನಕ್ಕೊಮ್ಮೆ ಬಲ್ಬು ಒರೆಸಿ, ಫೀಡಿನ ಧೂಳು ಕೂತರೆ ಬೆಳಕು ತುಂಬಾ ಕಡಿಮೆಯಾಗುತ್ತದೆ.

ಇನ್ನು ಟೈಮರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ನೋಡಿದ ಮೊಟ್ಟೆ ಇಳಿತಗಳಲ್ಲಿ ಎಷ್ಟೋ ಇದೊಂದೇ ಡಬ್ಬಿಯಿಂದ ಆದವು. ಕೆಲವು ವರ್ಷದ ಹಿಂದೆ ಸೋಲಾಪುರ ರಸ್ತೆಯಲ್ಲಿ ಯವತ್ ಹತ್ತಿರದ ಒಂದು ಶೆಡ್ಡಿಗೆ ಕರೆದಿದ್ದರು. 34 ವಾರದ ಕೋಳಿ, ಎರಡು ವಾರದಲ್ಲಿ ಮೊಟ್ಟೆ ಹತ್ತು ಪರ್ಸೆಂಟ್ ಇಳಿದಿತ್ತು. ರೋಗ ಅಂತ ಔಷಧಿ ಹಾಕಿ ಆಗಿತ್ತು, ಫೀಡ್ ಬದಲಿಸಿ ಆಗಿತ್ತು. ಹಿಕ್ಕೆ ಸರಿಯಿತ್ತು, ಚಿಪ್ಪು ಗಟ್ಟಿಯಿತ್ತು, ಕೋಳಿ ಫೀಡಿಗೆ ಮುಗಿಬೀಳುತ್ತಿದ್ದವು. ಶೆಡ್ಡಿನ ಹುಡುಗ ಇಂಡಿ ತಾಲೂಕಿನವನು. ಅವನನ್ನು ಕನ್ನಡದಲ್ಲಿ ಮಾತಾಡಿಸಿದಾಗ ಒಂದು ಮಾತು ಹೇಳಿದ. "ಮೊದಲು ಹತ್ತು ಗಂಟೆಕ್ಕ ಮೊಟ್ಟೆ ಆರಿಸಿ ಮುಗಸ್ತಿದ್ದೆ ಸರ್, ಈಗ ಮಧ್ಯಾಹ್ನ ಊಟಕ್ಕ ಹೋಗೂ ಹೊತ್ತಿಗೂ ಬೀಳತಾವು." ಅಷ್ಟು ಕೇಳಿದ ಮೇಲೆ ಆ ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ 4ಕ್ಕೆ ಎದ್ದು ಹೋದರೆ ಶೆಡ್ ಕತ್ತಲೆ. ಕರೆಂಟು ಇದೆ, ಹೊರಗಿನ ಬೋರ್‌ವೆಲ್ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿದೆ, ಆದರೆ ಶೆಡ್ಡಿನ ಬಲ್ಬು ಹೊತ್ತಿಲ್ಲ. 5 ಆಯಿತು, 6 ಆಯಿತು. ಸೂರ್ಯ ಬಂದು ಕೋಳಿ ಕೂಗಲು ಶುರುಮಾಡಿದ ಮೇಲೆ 6.40ಕ್ಕೆ ಟೈಮರ್ ಟಕ್ ಅಂತು, ಬಲ್ಬುಗಳು ಬಿಸಿಲಿನಲ್ಲಿ ಹೊತ್ತಿಕೊಂಡವು. ಮುಚ್ಚಳ ತೆಗೆದು ನೋಡಿದರೆ ಚಕ್ರದಲ್ಲಿ 4 ಗಂಟೆ. ಬ್ಯಾಟರಿ ಇಲ್ಲದ ತಿರುಗುವ ಟೈಮರ್ ಅದು. ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಇವತ್ತು ಅರ್ಧ ಗಂಟೆ, ನಾಳೆ ಇಪ್ಪತ್ತು ನಿಮಿಷ, ಹಾಗೆ ಸೇರಿ ಸೇರಿ 2 ಗಂಟೆ 40 ನಿಮಿಷ ಹಿಂದೆ ಬಿದ್ದಿತ್ತು. ರಾತ್ರಿ ಆರಬೇಕಾದ ಹೊತ್ತೂ ಮುಂದೆ ಹೋಗಿರುತ್ತದೆ ತಾನೇ, ದಿನ ಗಿಡ್ಡವಾಗಲಿಲ್ಲವಲ್ಲ ಅಂತ ನೀವು ಕೇಳಬಹುದು. ಅಲ್ಲೇ ಇನ್ನೊಂದು ಎಡವಟ್ಟಾಗಿತ್ತು. ರಾತ್ರಿ 8ಕ್ಕೂ ಬಲ್ಬು ಉರಿಯುತ್ತಿದೆ ಅಂತ ಹುಡುಗ ದಿನಾ ಕೈಯಿಂದ ಸ್ವಿಚ್ ಆರಿಸುತ್ತಿದ್ದ, ಮಲಗುವ ಮುಂಚೆ ಮತ್ತೆ ಆನ್ ಮಾಡಿ ಇಡುತ್ತಿದ್ದ. ಅವನ ಲೆಕ್ಕದಲ್ಲಿ ಅದು ಸರಿಯೇ. ಆದರೆ ರಾತ್ರಿ ತುದಿ ನಿಂತಿತು, ಬೆಳಿಗ್ಗೆ ತುದಿ ಜಾರಿತು, ಕೋಳಿಯ ದಿನ ಎರಡು ಗಂಟೆಗೂ ಹೆಚ್ಚು ಕುಗ್ಗಿತು.

ಆದ್ದರಿಂದ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿಸಿ. ದೊಡ್ಡ ಖರ್ಚಲ್ಲ. ಹಾಕಿಸಿದ ಮೇಲೂ ವಾರಕ್ಕೊಮ್ಮೆ, ಅಂದರೆ ಸಮಯ ಬದಲಿಸುವ ಬುಧವಾರವೋ ಗುರುವಾರವೋ ಯಾವುದೋ ಒಂದು ದಿನ, ಬೆಳಿಗ್ಗೆ ಮೊಬೈಲ್ ಗಡಿಯಾರ ಹಿಡಿದು ಬಲ್ಬು ಹೊತ್ತುವುದನ್ನು ಕಣ್ಣಿಂದ ನೋಡಿ. ಮತ್ತೆ ಮೊಟ್ಟೆ ಬೀಳುವ ಹೊತ್ತನ್ನು ಬರೆದಿಡಿ. ದಿನಾ ಬೇಡ, ವಾರಕ್ಕೊಂದು ದಿನ ಬೆಳಿಗ್ಗೆ 10ರ ತನಕ ಎಷ್ಟು ಟ್ರೇ, ಆಮೇಲೆ ಎಷ್ಟು ಟ್ರೇ. 4ಕ್ಕೆ ಹೊತ್ತುವ ಶೆಡ್ಡಿನಲ್ಲಿ 10-11ರೊಳಗೆ ದೊಡ್ಡ ಪಾಲು ಬಿದ್ದಿರುತ್ತದೆ. ಆ ಪಾಲು ಮಧ್ಯಾಹ್ನದ ಕಡೆ ಸರಿಯುತ್ತಿದ್ದರೆ, ಒಟ್ಟು ಮೊಟ್ಟೆ ಇನ್ನೂ ಇಳಿಯುವ ಮುಂಚೆಯೇ ಟೈಮರ್ ಜಾರಿದ್ದು ನಿಮಗೆ ಗೊತ್ತಾಗುತ್ತದೆ.

ಕರೆಂಟು ಹೋದರೆ ಏನು ಅಂತ ನೀವು ಕೇಳಿಲ್ಲ, ಆದರೆ ಸಾಸವಡದಲ್ಲಿ ಅದನ್ನು ಬಿಟ್ಟು ಮಾತಾಡಲಾಗದು. 2000 ಕೋಳಿಯ ಶೆಡ್ಡಿಗೆ 7 ವಾಟಿನ 20 ಬಲ್ಬು ಅಂದರೂ 140 ವಾಟ್. ಮನೆಯ ಸಾಮಾನ್ಯ ಇನ್ವರ್ಟರ್, 150 ಆಂಪಿಯರ್ ಅವರ್ ಬ್ಯಾಟರಿ, ಅರ್ಧ ಮಾತ್ರ ಬಳಸಿದರೂ ಐದಾರು ಗಂಟೆ ನಡೆಯುತ್ತದೆ. ಬೆಳಿಗ್ಗೆ ಮೂರು, ಸಂಜೆ ಎರಡು ಗಂಟೆಗೆ ಅಷ್ಟು ಸಾಕು. ಒಂದೊಂದು ದಿನ ಬೆಳಕು ತಪ್ಪಿದರೆ ಹೆದರಬೇಡಿ, ಮಾರನೇ ದಿನ ಅದೇ ಗಂಟೆಗೆ ವಾಪಸ್ ಬನ್ನಿ. ತಪ್ಪಿದ್ದನ್ನು ತುಂಬಿಕೊಡಲು ರಾತ್ರಿ 10ರ ತನಕ ಉರಿಸಿ, ಮರುದಿನ ಮತ್ತೆ 8ಕ್ಕೆ ಆರಿಸುವುದು ಬೇಡ. ಅದು ಕೊಟ್ಟು ಕಿತ್ತುಕೊಂಡ ಹಾಗೆ.

ಲೈಟ್ ಹಿಡಿದಿದೆಯೋ ಇಲ್ಲವೋ ಅನ್ನೋದು ಕೋಳಿಯ ಮೈಯಲ್ಲೇ ಕಾಣುತ್ತದೆ. ಮೊದಲ ವಾರ ಹತ್ತು ದಿನದಲ್ಲಿ ಜುಟ್ಟು ಬೆಳೆದು ಕೆಂಪೇರುತ್ತದೆ. ಕೇಜಿನೊಳಗೆ ಕೈ ಹಾಕಿದರೆ ಓಡುವ ಬದಲು ಬೆನ್ನು ತಗ್ಗಿಸಿ, ರೆಕ್ಕೆ ಸ್ವಲ್ಪ ಬಿಚ್ಚಿ ಕೂರುತ್ತದೆ. ಹಿಂಭಾಗದ ಎರಡು ಎಲುಬುಗಳ ನಡುವೆ ಮೊದಲು ಒಂದು ಬೆರಳೂ ಸರಿಯಾಗಿ ಹೋಗದಿದ್ದದ್ದು ಈಗ ಎರಡು ಬೆರಳು ಹಿಡಿಸುತ್ತದೆ. ಎರಡು ಮೂರು ವಾರದಲ್ಲಿ ಮೊದಲ ಮೊಟ್ಟೆಗಳು. ಈ ದಿನಗಳಲ್ಲಿ ಪ್ರೊಲ್ಯಾಪ್ಸ್ ಒಂದೆರಡಕ್ಕಿಂತ ಹೆಚ್ಚು ಕಂಡರೆ ಆ ವಾರದ ಏರಿಕೆಯನ್ನು ನಿಲ್ಲಿಸಿ, ಇರುವಲ್ಲೇ ಒಂದು ವಾರ ನಿಲ್ಲಿ. ಹಿಂದಕ್ಕೆ ಮಾತ್ರ ಬರಬೇಡಿ. ಕುಕ್ಕಾಟ ಶುರುವಾದರೆ ಗಂಟೆ ಕಡಿಮೆ ಮಾಡುವುದಲ್ಲ, ಬೆಳಕಿನ ಪ್ರಖರತೆ ಕಡಿಮೆ ಮಾಡಿ. 7 ವಾಟ್ ತೆಗೆದು 5 ವಾಟ್ ಹಾಕಿ, ಬಿಸಿಲು ನೇರ ಬೀಳುವ ಕಡೆ ಗೋಣಿತಟ್ಟು ಕಟ್ಟಿ.

ಏಪ್ರಿಲ್ ಮೇ ಬಂದಾಗ ಈ ಕೋಳಿಗಳು ಹಗಲಿನ ಸೆಖೆಗೆ ಫೀಡ್ ಬಿಡುತ್ತವೆ. ಆಗ ಮಾತ್ರ 16ರ ಮಿತಿ ಮೀರಿ ರಾತ್ರಿ 11.30ರಿಂದ 12.30ರ ತನಕ ಒಂದು ಗಂಟೆ ಲೈಟ್ ಹಾಕಿ, ಫೀಡ್ ತಿರುವಿ, ತಣ್ಣೀರು ಬಿಡಿ. ಅದರ ಮುಂಚೆ ಮೂರೂವರೆ ಗಂಟೆ, ಆಮೇಲೆ ಮೂರೂವರೆ ಗಂಟೆ ಕತ್ತಲೆ ಸಿಗುತ್ತದೆ, ಮೂರಕ್ಕಿಂತ ಕಡಿಮೆ ಆಗಬಾರದು. ಇದನ್ನು ಯಾವತ್ತು ಬೇಕಾದರೂ ಒಮ್ಮೆಲೇ ಶುರು ಮಾಡಬಹುದು. ತೆಗೆಯುವಾಗ ಮಾತ್ರ, ಮಳೆ ಬಂದು ತಂಪಾದ ಮೇಲೆ, ವಾರಕ್ಕೆ ಕಾಲು ಗಂಟೆಯಂತೆ ತೆಗೆಯಿರಿ.

ಮುಂದೆ ಮತ್ತೆ ಜನವರಿ ಮರಿ ತರುವುದಾದರೆ, ತರಬೇಡಿ ಅನ್ನುವುದಿಲ್ಲ. ಜನವರಿ 5ರ ಮರಿಗೆ 17 ವಾರ ತುಂಬುವುದು ಮೇ 4ಕ್ಕೆ. ಅವತ್ತು ಪುಣೆಯಲ್ಲಿ ಸೂರ್ಯ ಸುಮಾರು 6.05ಕ್ಕೆ ಹುಟ್ಟಿ 7ಕ್ಕೆ ಸ್ವಲ್ಪ ಮುಂಚೆ ಮುಳುಗುತ್ತಾನೆ. ಮಬ್ಬು ಬೆಳಕು ಸೇರಿಸಿದರೆ ಹದಿಮೂರೂವರೆ ಗಂಟೆಗೆ ಹತ್ತಿರ. ಅಷ್ಟನ್ನೇ ಮೊದಲಿನಿಂದ ಕೊಟ್ಟುಬಿಡಿ. ಮೊದಲ ದಿನಗಳ 22-23 ಗಂಟೆಯ ಬೆಳಕನ್ನು ವಾರ ವಾರ ಇಳಿಸುತ್ತಾ ಐದನೇ ವಾರಕ್ಕೆ ಹದಿಮೂರೂವರೆಗೆ ತಂದು, ಬೆಳಿಗ್ಗೆ 5.45ರಿಂದ ಸಂಜೆ 7.15 ಅಂತ ಗಟ್ಟಿ ಮಾಡಿ. ಹೊರಗೆ ಹಗಲು 11ರಿಂದ 13ಕ್ಕೆ ಏರುತ್ತಿದ್ದರೂ ಶೆಡ್ಡಿನೊಳಗಿನ ಮರಿಗೆ ದಿನ ಏರುವುದೇ ಇಲ್ಲ. 17 ವಾರಕ್ಕೆ ತೂಕ ಬಂದ ಮೇಲೆ ಅದನ್ನು ಹದಿನಾಲ್ಕೂವರೆ ಮಾಡಿ, ಅಲ್ಲಿಂದ ಕಾಲು ಕಾಲು ಗಂಟೆಯಂತೆ ಅದೇ 16ಕ್ಕೆ ಬನ್ನಿ. ಖರ್ಚಾಗುವುದು ಗ್ರೋವರ್ ಶೆಡ್ಡಿನಲ್ಲಿ ದಿನಕ್ಕೆ ಎರಡೂವರೆ ಗಂಟೆಯ ಬಲ್ಬು, ಅದೂ ಚಳಿಗಾಲದಲ್ಲಿ. ಬೇಸಿಗೆ ಹತ್ತಿರವಾದಂತೆ ಅದೂ ಕಡಿಮೆ.

ಸೆಪ್ಟೆಂಬರ್ 30ರ 100 ಕೋಳಿಯ ತೂಕ ಬರೆದು ಕಳಿಸಿ. ಸರಾಸರಿ ಒಂದೇ ಬೇಡ, ನೂರೂ ತೂಕಗಳ ಹಾಳೆಯ ಫೋಟೋ ಕಳಿಸಿ. ಯಾವ ಸಾಲಿನ ಕೋಳಿ ಯಾವ ತೂಕ ಅಂತ ಪಕ್ಕದಲ್ಲಿ ಗುರುತು ಹಾಕಿರಿ. ಅಕ್ಟೋಬರ್ 7ಕ್ಕೋ 14ಕ್ಕೋ ಅನ್ನೋದನ್ನು ಅದನ್ನು ನೋಡಿ ಹೇಳುತ್ತೇನೆ.